ಕಂದಾಯ ಕಟ್ಟಿದರೆ ಮಾತ್ರ, ಬಡ್ಡಿ ಕಟ್ಟದಿದ್ದರೂ: ಬಾಡಿಗೆ ಮನೆಯ ತೆರಿಗೆ ಲೆಕ್ಕ

ಜುಲೈ ಮೊದಲ ವಾರ ಮೈಸೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಬಂದು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. "ಸರ್, ಬಾಡಿಗೆ ಮನೆಯಿಂದ ಈ ವರ್ಷ ನನಗೆ ನಷ್ಟವೇ ಆಗಿದೆ. ಲೆಕ್ಕ ಮಾಡಿಕೊಂಡೇ ಬಂದಿದ್ದೇನೆ, ನೀವು ರಿಟರ್ನ್‌ನಲ್ಲಿ ತುಂಬಿದರೆ ಸಾಕು" ಎಂದರು. ದುಂಡು ಅಕ್ಷರದಲ್ಲಿ ಬರೆದ ಚೊಕ್ಕ ಲೆಕ್ಕ ಅದು. ಬಂದ ಬಾಡಿಗೆ 1,98,000 ರೂಪಾಯಿ. ಅದರಲ್ಲಿ ಪಾಲಿಕೆಗೆ ಕಟ್ಟಿದ ಕಂದಾಯ ಮತ್ತು ದಂಡ 13,680, ಸುಣ್ಣಬಣ್ಣಕ್ಕೆ 42,000, ಬ್ಯಾಂಕಿನ ಸಾಲದ ಕಂತು 1,92,000 ಕಳೆದು ಕೊನೆಗೆ 49,680 ರೂಪಾಯಿ ನಷ್ಟ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಕೂಡುವುದು ಕಳೆಯುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಮನೆಯ ಜಮಾಖರ್ಚು ಪುಸ್ತಕಕ್ಕೆ ಅದೇ ಸರಿಯಾದ ಲೆಕ್ಕ. ಆದಾಯ ತೆರಿಗೆಗೆ ಮಾತ್ರ ಅದರಲ್ಲಿ ಬಾಡಿಗೆಯ ಮೊತ್ತವೊಂದನ್ನು ಬಿಟ್ಟರೆ ಯಾವ ಸಾಲೂ ನಿಲ್ಲುವುದಿಲ್ಲ.

ಬಾಡಿಗೆಗೆ ಕೊಟ್ಟ ಮನೆಯ ಆದಾಯದಿಂದ ಕಳೆಯಲು ಕಾನೂನು ಒಪ್ಪುವುದು ಮೂರನ್ನು ಮಾತ್ರ. ಸ್ಥಳೀಯ ಸಂಸ್ಥೆಗೆ ಕಟ್ಟುವ ಕಂದಾಯ, ಶೇಕಡಾ 30ರ ಸ್ಟ್ಯಾಂಡರ್ಡ್ ಡಿಡಕ್ಷನ್, ಮತ್ತು ಸಾಲದ ಬಡ್ಡಿ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಒಂದೊಂದಕ್ಕೂ ಒಂದೊಂದು ನಿಯಮವಿದೆ. ಕಂದಾಯವನ್ನು ಕಟ್ಟಿದ್ದರೆ ಮಾತ್ರ ಕಳೆಯಬಹುದು. ಶೇಕಡಾ 30 ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ. ಬಡ್ಡಿಯನ್ನು ಇನ್ನೂ ಕಟ್ಟದಿದ್ದರೂ ಕಳೆಯಬಹುದು. ವರ್ಷವರ್ಷವೂ ನನ್ನ ಮುಂದೆ ಬರುವ ತಪ್ಪುಗಳೆಲ್ಲ ಹೆಚ್ಚುಕಡಿಮೆ ಈ ಮೂರನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಆಗುವಂಥವು.

ಮೇಡಂ ಅವರ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದೆವು. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಲೆಕ್ಕ. ಮನೆಯ ಬಾಡಿಗೆ ತಿಂಗಳಿಗೆ 18,000. ಆಗಸ್ಟ್ ಕೊನೆಗೆ ಹಳೆಯ ಬಾಡಿಗೆದಾರರು ಖಾಲಿ ಮಾಡಿದರು. ಸೆಪ್ಟೆಂಬರ್ ಪೂರ್ತಿ ಮನೆ ಖಾಲಿ ಇತ್ತು, ಬಣ್ಣ ಹೊಡೆಸಿದ್ದು ಆಗಲೇ. ಅಕ್ಟೋಬರ್ 1ಕ್ಕೆ ಹೊಸಬರು ಬಂದರು. ಅಲ್ಲಿಗೆ ಹನ್ನೊಂದು ತಿಂಗಳ ಬಾಡಿಗೆ, 1,98,000. ಮನೆ ನಿಜವಾಗಿ ಖಾಲಿ ಇದ್ದ ತಿಂಗಳಿಗೆ ಬಾಡಿಗೆ ಬಾರದಿದ್ದರೆ ಕಾನೂನು ಅದನ್ನು ಕೇಳುವುದಿಲ್ಲ. ಹಾಗಾಗಿ ಬಂದಷ್ಟೇ ಮೊತ್ತ ಲೆಕ್ಕಕ್ಕೆ ಬಂತು. ಇದಕ್ಕೆ ಸಕಲ ವಾರ್ಷಿಕ ಮೌಲ್ಯ ಎನ್ನುತ್ತಾರೆ.

ಎಲ್ಲರ ವಿಷಯದಲ್ಲೂ ಬಂದ ಬಾಡಿಗೆಯೇ ಈ ಮೌಲ್ಯ ಆಗುವುದಿಲ್ಲ. ಹದಿನೈದು ಸಾವಿರ ಬಾಡಿಗೆ ಬರುವ ಮನೆಯನ್ನು ತಮ್ಮನಿಗೆ ಮೂರು ಸಾವಿರಕ್ಕೆ ಕೊಟ್ಟಿದ್ದೀರಿ ಎನ್ನಿ. ಆ ಬೀದಿಯಲ್ಲಿ ಅಂಥ ಮನೆಗೆ ಸಹಜವಾಗಿ ಏನು ಬಾಡಿಗೆ ಬರುತ್ತದೆ, ಪಾಲಿಕೆ ಅದಕ್ಕೆ ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಇಲಾಖೆ ನೋಡುತ್ತದೆ. ಅದು ನಿಮಗೆ ಬಂದ ಬಾಡಿಗೆಗಿಂತ ಹೆಚ್ಚಿದ್ದರೆ ಅದನ್ನೇ ಹಿಡಿಯುತ್ತದೆ. ನಮ್ಮ ಕಡೆ ಮನೆಯನ್ನು ಭೋಗ್ಯಕ್ಕೆ ಹಾಕುವ ರೂಢಿಯೂ ಉಂಟು. ಎಂಟು ಹತ್ತು ಲಕ್ಷ ಒಟ್ಟಿಗೆ ಪಡೆದು, ತಿಂಗಳ ಬಾಡಿಗೆ ತೆಗೆದುಕೊಳ್ಳದೆ, ಅವಧಿ ಮುಗಿದಾಗ ಹಣ ಹಿಂತಿರುಗಿಸುವುದು. 'ಬಾಡಿಗೆಯೇ ಇಲ್ಲವಲ್ಲ, ತೆರಿಗೆ ಎಲ್ಲಿಂದ ಬಂತು?' ಎಂದು ಮಾಲೀಕರು ಕೇಳುತ್ತಾರೆ. ಅಲ್ಲಿಯೂ ಇದೇ ಮಾತು. ಭೋಗ್ಯದ ಹಣ ಹಿಂತಿರುಗಿಸಬೇಕಾದದ್ದು, ಆದ್ದರಿಂದ ಅದು ಆದಾಯವಲ್ಲ. ಆದರೆ ಮನೆಗೆ ಸಹಜವಾಗಿ ಬರಬೇಕಾದ ಬಾಡಿಗೆಯ ಮೇಲೆ ಲೆಕ್ಕ ನಿಲ್ಲುತ್ತದೆ. ಮಾಮೂಲಿ ಬಾಡಿಗೆ ಮನೆಗೆ ಪಡೆಯುವ ಅಡ್ವಾನ್ಸ್ ಕೂಡ ಹೀಗೆಯೇ. ವಾಪಸು ಕೊಡುವವರೆಗೆ ಅದು ಸಾಲವಿದ್ದ ಹಾಗೆ. ಕೊನೆಯ ಎರಡು ತಿಂಗಳ ಬಾಡಿಗೆಗೆಂದು ಅದರಲ್ಲಿ ಮುರಿದುಕೊಂಡರೆ ಅಷ್ಟು ಮಾತ್ರ ಬಾಡಿಗೆಯಾಗುತ್ತದೆ.

ಇನ್ನು ಕಂದಾಯ. ಮೇಡಂ ಅವರ ಬಳಿ ಎರಡು ರಸೀದಿಗಳಿದ್ದವು, ಎರಡರ ಮೇಲೂ 2025ರ ಆಗಸ್ಟ್ ತಾರೀಖು. ಹಿಂದಿನ ವರ್ಷದ್ದನ್ನು ಕಟ್ಟಲು ಅವರು ಮರೆತಿದ್ದರು. ನೆನಪಾದಾಗ ಎರಡೂ ವರ್ಷದ್ದನ್ನು ಒಟ್ಟಿಗೆ ಕಟ್ಟಿದ್ದರು. ವರ್ಷಕ್ಕೆ 6,000ದಂತೆ 12,000, ಅದರ ಮೇಲೆ ತಡವಾದದ್ದಕ್ಕೆ 1,680 ದಂಡ. "ಹಿಂದಿನ ವರ್ಷದ್ದು ಈ ವರ್ಷ ಬರುತ್ತದೆಯೇ?" ಎಂದು ಅವರೇ ಅನುಮಾನದಿಂದ ಕೇಳಿದರು. ಬರುತ್ತದೆ. ಕಂದಾಯ ಯಾವ ವರ್ಷದ್ದು ಎಂಬುದನ್ನು ಕಾನೂನು ನೋಡುವುದಿಲ್ಲ, ಯಾವ ವರ್ಷ ಕಟ್ಟಿದಿರಿ ಎಂಬುದನ್ನು ನೋಡುತ್ತದೆ. ಹಾಗಾಗಿ ಎರಡೂ ವರ್ಷದ 12,000 ಈ ವರ್ಷವೇ ಕಳೆಯಿತು. ಹಿಂದಿನ ವರ್ಷದ ರಿಟರ್ನ್‌ನಲ್ಲಿ ಕಟ್ಟದೆಯೇ ಕಳೆದಿದ್ದರೆ ಅದು ತಪ್ಪಾಗುತ್ತಿತ್ತು. ಅವರು ಕಳೆದಿರಲಿಲ್ಲ. ದಂಡದ 1,680 ಮಾತ್ರ ತೆರಿಗೆಯಲ್ಲ, ತಡ ಮಾಡಿದ್ದಕ್ಕೆ ತೆತ್ತ ಬೆಲೆ. ಅದನ್ನು ಬಿಟ್ಟೆವು.

ಇಲ್ಲಿ ಇನ್ನೆರಡು ಎಚ್ಚರ ಬೇಕು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆದವರು ರಿಯಾಯಿತಿ ಕಳೆದು ಕಟ್ಟಿದ ಮೊತ್ತವನ್ನೇ ಬರೆಯಬೇಕು, ಚಲನ್‌ನ ಮೇಲಿನ ಸಾಲಿನ ಪೂರ್ತಿ ಮೊತ್ತವನ್ನಲ್ಲ. ಎರಡನೆಯದು, ಕಂದಾಯವನ್ನು ಮಾಲೀಕರೇ ಹೊತ್ತಿರಬೇಕು. ಬಾಡಿಗೆ ಕರಾರಿನಲ್ಲಿ ಕಂದಾಯ ಬಾಡಿಗೆದಾರರದ್ದು ಎಂದು ಬರೆಸಿ, ಅವರೇ ಕಟ್ಟಿದ್ದರೆ, ರಸೀದಿ ನಿಮ್ಮ ಹೆಸರಿನಲ್ಲಿದ್ದರೂ ಅದನ್ನು ನೀವು ಕಳೆಯುವಂತಿಲ್ಲ. ಅಂಗಡಿ ಮಳಿಗೆಗಳ ಕರಾರಿನಲ್ಲಿ ಇಂಥ ಷರತ್ತನ್ನು ನಾನು ಹಲವು ಸಲ ನೋಡಿದ್ದೇನೆ.

1,98,000ದಲ್ಲಿ 12,000 ಹೋದರೆ ಉಳಿಯುವುದು 1,86,000. ಇದು ನಿವ್ವಳ ವಾರ್ಷಿಕ ಮೌಲ್ಯ. ಶೇಕಡಾ 30 ಹಿಡಿಯಬೇಕಾದದ್ದು ಇದರ ಮೇಲೆ, ಬಂದ ಬಾಡಿಗೆಯ ಮೇಲಲ್ಲ. 1,86,000ಕ್ಕೆ ಶೇಕಡಾ 30 ಎಂದರೆ 55,800. ಮೊದಲು ಬಾಡಿಗೆಯ ಮೇಲೆಯೇ ಲೆಕ್ಕ ಹಾಕಿ ಆಮೇಲೆ ಕಂದಾಯ ಕಳೆದರೆ 59,400 ಬರುತ್ತದೆ, 3,600 ಹೆಚ್ಚು. ಮೊತ್ತ ಚಿಕ್ಕದೇ, ಆದರೂ ತಪ್ಪು ತಪ್ಪೇ.

ಈ ಶೇಕಡಾ 30 ಎಂಬುದು ಏನೆಂದು ಅರ್ಥವಾದರೆ ಅರ್ಧ ಗೊಂದಲ ತೀರುತ್ತದೆ. ಹಿಂದೆ ರಿಪೇರಿ, ವಿಮೆ, ಬಾಡಿಗೆ ವಸೂಲಿಯ ಖರ್ಚು ಎಂದು ಬೇರೆ ಬೇರೆ ಬಾಬುಗಳಿದ್ದವು. 2001ರ ಬಜೆಟ್‌ನಲ್ಲಿ ಅವನ್ನೆಲ್ಲ ತೆಗೆದುಹಾಕಿ, ಎಲ್ಲಕ್ಕೂ ಸೇರಿ ಸಾರಾಸಗಟು ಶೇಕಡಾ 30 ಎಂದು ಮಾಡಿದರು. ಬಣ್ಣ, ಪ್ಲಂಬರ್ ಕೂಲಿ, ಸೋರುವ ತಾರಸಿಗೆ ಹಾಕಿಸಿದ ವಾಟರ್‌ಪ್ರೂಫಿಂಗ್, ಬ್ರೋಕರ್‌ಗೆ ಕೊಟ್ಟ ಒಂದು ತಿಂಗಳ ಬಾಡಿಗೆ, ಮನೆಯ ವಿಮೆ ಎಲ್ಲವೂ ಅದರೊಳಗೆ ಬಂದುಹೋದವು. ವರ್ಷವಿಡೀ ಒಂದು ಮೊಳೆ ಹೊಡೆಸದಿದ್ದರೂ ಶೇಕಡಾ 30 ಸಿಗುತ್ತದೆ, ಎರಡು ಲಕ್ಷ ಸುರಿದಿದ್ದರೂ ಅಷ್ಟೇ ಸಿಗುತ್ತದೆ. ಇದಕ್ಕೆ ಬಿಲ್ಲು ಬೇಡ, ರಸೀದಿ ಬೇಡ. ಮೇಡಂ ಸುಣ್ಣಬಣ್ಣದ ಬಿಲ್ಲುಗಳನ್ನು ಪಿನ್ನು ಹಾಕಿ ಜೋಪಾನವಾಗಿ ತಂದಿದ್ದರು. "ಇದಕ್ಕೆ ಬೆಲೆಯೇ ಇಲ್ಲವೇ ಸರ್?" ಎಂದು ಕೇಳಿದಾಗ ನನಗೂ ಪಾಪ ಅನ್ನಿಸಿತು. ಅವರು ಖರ್ಚು ಮಾಡಿದ್ದು 42,000, ಕಾನೂನು ಕಳೆಯಲು ಬಿಟ್ಟದ್ದು 55,800. ಇಷ್ಟು ಹೇಳಿದ ಮೇಲೆ ಬಿಲ್ಲುಗಳನ್ನು ತಾವೇ ಚೀಲಕ್ಕೆ ಹಾಕಿಕೊಂಡರು.

ಹಳೆಯ ಮನೆಗಳ ಮಾಲೀಕರಿಗೆ ಈ ನಿಯಮ ಕಷ್ಟ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಐವತ್ತು ವರ್ಷದ ಹೆಂಚಿನ ಮನೆಗೆ ಪ್ರತಿ ಮಳೆಗಾಲ ಕೈ ಹಾಕಬೇಕಾಗುತ್ತದೆ, ಬಾಡಿಗೆ ಕಡಿಮೆ, ಹಾಗಾಗಿ ಶೇಕಡಾ 30 ಎಂದರೂ ಚಿಕ್ಕ ಮೊತ್ತ. ಹೊಸ ಫ್ಲ್ಯಾಟ್‌ನ ಮಾಲೀಕರಿಗೆ ಖರ್ಚಿಲ್ಲದೆಯೇ ದೊಡ್ಡ ಮೊತ್ತ ಕಳೆಯುತ್ತದೆ. ಆದರೆ ಎಲ್ಲರ ರಿಪೇರಿ ಬಿಲ್ಲುಗಳನ್ನು ಪರಿಶೀಲಿಸುವ ಕಾಲ ಎಷ್ಟು ಜಗಳಗಳಿಗೆ ಎಡೆ ಮಾಡಿತ್ತು ಎಂಬುದನ್ನು ಬಲ್ಲ ಹಿರಿಯರು ಇದೇ ವಾಸಿ ಎನ್ನುತ್ತಾರೆ.

ಈಗ 1,86,000ದಲ್ಲಿ 55,800 ಕಳೆದು 1,30,200 ಉಳಿಯಿತು. ಕೊನೆಗೆ ಬಂದದ್ದು ಬಡ್ಡಿ.

ಮೇಡಂ ಅವರ ಸಾಲದ ಕಂತು ತಿಂಗಳಿಗೆ 16,000, ವರ್ಷಕ್ಕೆ 1,92,000. ಅವರು ಕಳೆದದ್ದು ಈ ಪೂರ್ತಿ ಮೊತ್ತವನ್ನು. ಎಲ್ಲರೂ ಎಡವುವುದು ಇಲ್ಲೇ. ಕಂತಿನಲ್ಲಿ ಅಸಲೂ ಇದೆ, ಬಡ್ಡಿಯೂ ಇದೆ. ಅಸಲು ಎಂದರೆ ನೀವು ಪಡೆದ ಹಣವನ್ನೇ ಹಿಂತಿರುಗಿಸುವುದು, ಅದು ಖರ್ಚಲ್ಲ. ಬ್ಯಾಂಕಿನಿಂದ ವರ್ಷದ ಬಡ್ಡಿ ಪ್ರಮಾಣಪತ್ರ ತರಿಸಿ ನೋಡಿದಾಗ ಬಡ್ಡಿ 1,04,600, ಅಸಲು 87,400. ಅಸಲಿನ ಭಾಗಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಅಡಿ ಬೇರೆಯೇ ವಿನಾಯಿತಿ ಉಂಟು. ಮೇಡಂ ಹೊಸ ಪದ್ಧತಿಯಲ್ಲಿದ್ದುದರಿಂದ ಅದು ಅವರಿಗೆ ಸಿಗುವುದಿಲ್ಲ. ಬಾಡಿಗೆಯ ಲೆಕ್ಕಕ್ಕಂತೂ ಅದು ಯಾವ ಪದ್ಧತಿಯಲ್ಲೂ ಬರುವುದಿಲ್ಲ.

1,30,200ದಲ್ಲಿ 1,04,600 ಕಳೆದರೆ 25,600. ತೆರಿಗೆ ಬೀಳುವ ಬಾಡಿಗೆ ಆದಾಯ ಇಷ್ಟು. ಸಂಬಳದ ಜೊತೆ ಸೇರಿದಾಗ ಇದು ಶೇಕಡಾ 20ರ ಹಂತದಲ್ಲಿ ಬರುತ್ತಿತ್ತು. 5,120 ತೆರಿಗೆ, ಅದರ ಮೇಲೆ ಶೇಕಡಾ 4ರ ಸೆಸ್, ಒಟ್ಟು ಸುಮಾರು 5,325 ರೂಪಾಯಿ. ನಷ್ಟವೆಂದು ಬರೆದುಕೊಂಡು ಬಂದವರಿಗೆ ತೆರಿಗೆ ಬಂತು ನಿಜ. ಆದರೆ ಎರಡು ಲಕ್ಷದ ಹತ್ತಿರ ಬಾಡಿಗೆ ಬಂದರೂ ತೆರಿಗೆ ಬಿದ್ದದ್ದು 25,600ಕ್ಕೆ ಮಾತ್ರ.

ಬಡ್ಡಿಯ ವಿಷಯದಲ್ಲಿ 'ಕಟ್ಟದಿದ್ದರೂ' ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಕಂದಾಯ ಕಟ್ಟಿದ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಬಡ್ಡಿ ಸಾಲದ ಮೇಲೆ ಏರಿದ ದಿನದಿಂದಲೇ ಬರುತ್ತದೆ. ಕೆಲಸ ಹೋಗಿ ಮೂರು ತಿಂಗಳ ಕಂತು ಕಟ್ಟಲಾಗದ ಒಬ್ಬರು, ಕಟ್ಟಿದಷ್ಟೇ ಬಡ್ಡಿ ಬರೆಯಬೇಕೆಂದುಕೊಂಡು ಒಂಬತ್ತು ತಿಂಗಳದ್ದನ್ನು ಮಾತ್ರ ಬರೆದಿದ್ದರು. ಹನ್ನೆರಡು ತಿಂಗಳ ಬಡ್ಡಿಯೂ ಅವರ ಹಕ್ಕು. ಆದರೆ ಕಂತು ತಪ್ಪಿದ್ದಕ್ಕೆ ಬ್ಯಾಂಕು ಹಾಕಿದ ದಂಡವನ್ನು, ಬಾಕಿ ಬಡ್ಡಿಯ ಮೇಲೆ ಏರಿದ ಬಡ್ಡಿಯನ್ನು ಸೇರಿಸಬಾರದು. ತೆರಿಗೆ ಫಾರಂ ಕೂಡ ಈ ವ್ಯತ್ಯಾಸವನ್ನು ಪದದಲ್ಲೇ ಹೇಳುತ್ತದೆ. ಕಂದಾಯದ ಸಾಲಿನಲ್ಲಿ "Tax paid to local authorities" ಎಂದಿದೆ, ಬಡ್ಡಿಯ ಸಾಲಿನಲ್ಲಿ "Interest payable on borrowed capital" ಎಂದಿದೆ. ಒಂದು ಕಟ್ಟಿದ್ದು, ಇನ್ನೊಂದು ಕಟ್ಟಬೇಕಾದದ್ದು.

ಅದೇ ಫಾರಂನಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಶೇಕಡಾ 30ನ್ನು ತಂತ್ರಾಂಶ ತಾನಾಗಿಯೇ ಕಳೆಯುತ್ತದೆ. ಕೆಲವರು ಮನೆಯಲ್ಲೇ ಕಳೆದು, ಉಳಿದದ್ದನ್ನು ಬಾಡಿಗೆಯ ಸಾಲಿನಲ್ಲಿ ತುಂಬುತ್ತಾರೆ. ಆಗ ಎರಡು ಸಲ ಕಳೆದಂತಾಗುತ್ತದೆ. ತುಂಬಿದ ಮೇಲೆ ಬಾಡಿಗೆಯ ಸಾಲನ್ನು ಕರಾರು ಪತ್ರದ ತಿಂಗಳ ಬಾಡಿಗೆಯ ಜೊತೆ ತಾಳೆ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಇಲಾಖೆಯೂ ತಾಳೆ ನೋಡುತ್ತದೆ. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕೊಡುತ್ತಿದ್ದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ತನ್ನ ಕಚೇರಿಗೆ ಕೊಡಲೇಬೇಕು. ಮೇಡಂ ಅವರ ಹೊಸ ಬಾಡಿಗೆದಾರರು ಆರು ತಿಂಗಳಿಗೆ ಕೊಟ್ಟದ್ದು 1,08,000. ಪ್ಯಾನ್ ಕೇಳಿ ಪಡೆದಿದ್ದರು ಕೂಡ.

ಮನೆ ಕಟ್ಟಿಸುವಾಗಲೇ ಸಾಲ ಪಡೆದವರಿಗೆ ಇನ್ನೊಂದು ಸೌಲಭ್ಯವಿದೆ, ಹಲವರು ಅದನ್ನು ಕೇಳುವುದೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಸಾಲ ಪಡೆದು, 2024ರ ನವೆಂಬರ್‌ನಲ್ಲಿ ಮನೆ ಪೂರ್ತಿಯಾಯಿತು ಎನ್ನಿ. ಮನೆ ಮುಗಿದ ಹಣಕಾಸು ವರ್ಷಕ್ಕೆ ಮೊದಲಿನ, ಅಂದರೆ 2024ರ ಮಾರ್ಚ್ 31ರವರೆಗಿನ ಬಡ್ಡಿ 2,50,000 ಆಗಿದ್ದರೆ ಅದನ್ನು ಐದು ಸಮ ಭಾಗ ಮಾಡಿ, ಮನೆ ಮುಗಿದ ವರ್ಷದಿಂದ ಶುರು ಮಾಡಿ ವರ್ಷಕ್ಕೆ 50,000ದಂತೆ ಕಳೆಯಬಹುದು. ಆಯಾ ವರ್ಷದ ಬಡ್ಡಿ ಇದರ ಜೊತೆಗೆ. ಇದಕ್ಕೆ ಆ ಹಳೆಯ ವರ್ಷಗಳ ಬ್ಯಾಂಕ್ ಪ್ರಮಾಣಪತ್ರಗಳು ಬೇಕು. ಗೃಹಪ್ರವೇಶದ ಗಡಿಬಿಡಿಯಲ್ಲಿ ಅವು ಎಲ್ಲೋ ಸೇರಿಬಿಟ್ಟಿರುತ್ತವೆ. ಸಾಲ ಬ್ಯಾಂಕಿನದೇ ಆಗಬೇಕೆಂದಿಲ್ಲ. ಸಂಬಂಧಿಕರಿಂದ ಬಡ್ಡಿಗೆ ಪಡೆದ ಸಾಲವೂ ಆದೀತು. ಆದರೆ ಅದು ಮನೆಗೇ ಹೋಗಿರಬೇಕು, ಬಡ್ಡಿಗೆ ಬರವಣಿಗೆಯ ಆಧಾರ ಇರಬೇಕು, ಪಡೆದವರು ಆ ಬಡ್ಡಿಯನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಮನೆಸಾಲದ ಮೇಲೆ ಟಾಪ್-ಅಪ್ ಪಡೆದು ಮಗಳ ಮದುವೆ ಮಾಡಿದ್ದರೆ ಆ ಭಾಗದ ಬಡ್ಡಿ ಇಲ್ಲಿ ಬರುವುದಿಲ್ಲ.

ಹೊಸ ಸಾಲವಾದರೆ ಬಡ್ಡಿ ದೊಡ್ಡದಿರುತ್ತದೆ, ಬಾಡಿಗೆಯನ್ನೇ ನುಂಗುತ್ತದೆ. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಗೆ ಎರಡು ಲಕ್ಷದ ಮಿತಿ ಇಲ್ಲ. ಆ ಮಿತಿ ಇರುವುದು ಸ್ವಂತ ವಾಸದ ಮನೆಗೆ. ಹಾಗಾದರೆ ಮೇಡಂ ಅವರ ಮನೆಗೇ ಬಡ್ಡಿ 3,40,000 ಇದ್ದಿದ್ದರೆ? 1,30,200ದಲ್ಲಿ ಅದನ್ನು ಕಳೆದರೆ 2,09,800 ನಷ್ಟ. ಈ ನಷ್ಟ ಏನಾಗುತ್ತದೆ ಎಂಬುದು ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಹಳೆಯ ಪದ್ಧತಿಯಲ್ಲಿ ಎರಡು ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಮಿಕ್ಕ 9,800ನ್ನು ಮುಂದಿನ ಎಂಟು ವರ್ಷಗಳ ಒಳಗೆ ಮನೆ ಬಾಡಿಗೆಯ ಆದಾಯದಿಂದ ಮಾತ್ರ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಲು ಅಡ್ಡಿಯಿಲ್ಲ, ಇನ್ನೊಂದು ಮನೆಯ ಬಾಡಿಗೆಯಿಂದಲೂ ಕಳೆಯಬಹುದು. ಆದರೆ ಸಂಬಳದ ಕಡೆಗೆ ಒಂದು ರೂಪಾಯಿಯೂ ದಾಟುವುದಿಲ್ಲ. ನೀವು ಬೇರೆ ಹೇಳದಿದ್ದರೆ ಈಗ ಹೊಸ ಪದ್ಧತಿಯೇ ಅನ್ವಯ. ಹಳೆಯದು ಬೇಕೆನ್ನುವ ಸಂಬಳದಾರರು ಕೊನೆಯ ದಿನಾಂಕದೊಳಗೆ ಸಲ್ಲಿಸುವ ರಿಟರ್ನ್‌ನಲ್ಲೇ ಹಾಗೆಂದು ಆರಿಸಬೇಕು. ತಡವಾಗಿ ಸಲ್ಲಿಸಿದರೆ ಆ ಅವಕಾಶ ಹೋಗುತ್ತದೆ, ಅದರ ಜೊತೆಗೆ ಈ ಎರಡು ಲಕ್ಷವೂ ಹೋಗುತ್ತದೆ. ಬಡ್ಡಿಯ ಹೊರೆ ದೊಡ್ಡದಿರುವವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಯೇ ಆರಿಸಬೇಕು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಮನೆ ಬಾಡಿಗೆಯ ಲೆಕ್ಕದ ಕ್ರಮ ಮಾತ್ರ ಅದೇ: ಕಂದಾಯ, ಶೇಕಡಾ 30, ಬಡ್ಡಿ.

ಮೇಡಂ ಎದ್ದು ಹೊರಡುವ ಮೊದಲು ಮುಂದಿನ ವರ್ಷದ್ದು ಎಷ್ಟಾದೀತು ಎಂದು ಕೇಳಿದರು. ಮನೆ ಖಾಲಿ ಬೀಳದಿದ್ದರೆ ಬಾಡಿಗೆ 2,16,000. ಈ ಸಲ ಅವರು ಏಪ್ರಿಲ್‌ನಲ್ಲೇ ರಿಯಾಯಿತಿಯೊಂದಿಗೆ 5,700 ಕಂದಾಯ ಕಟ್ಟಿದ್ದರು. ಹಿಂದಿನ ವರ್ಷದ ಬಾಕಿ ಇಲ್ಲವಾದ್ದರಿಂದ ಕಳೆಯುವುದು ಅಷ್ಟೇ. ಉಳಿದ 2,10,300ಕ್ಕೆ ಶೇಕಡಾ 30 ಎಂದರೆ 63,090. ಅದನ್ನೂ ಕಳೆದರೆ 1,47,210. ಅಸಲು ಕರಗಿದಂತೆ ಬಡ್ಡಿಯೂ ಇಳಿಯುತ್ತದೆ, ಮುಂದಿನ ವರ್ಷ ಸುಮಾರು 97,000 ಆದೀತು. ಉಳಿಯುವುದು ಐವತ್ತು ಸಾವಿರ ಚಿಲ್ಲರೆ, ತೆರಿಗೆ ಹತ್ತು ಸಾವಿರದ ಮೇಲೆ. ಕಂತು ಅದೇ 16,000 ಇರುವಾಗ ತೆರಿಗೆ ಇಮ್ಮಡಿ ಆಗುವುದು ಹೇಗೆ ಎಂದು ಅವರು ಮತ್ತೆ ಕುಳಿತರು. ಬ್ಯಾಂಕಿನ ಪ್ರಮಾಣಪತ್ರವನ್ನು ತೆಗೆದು ಅಸಲಿನ ಸಾಲನ್ನೂ ಬಡ್ಡಿಯ ಸಾಲನ್ನೂ ಪಕ್ಕಪಕ್ಕದಲ್ಲಿ ತೋರಿಸಿದೆ. ಕೆಂಪು ಪೆನ್ನು ತೆಗೆದುಕೊಂಡು ಬಡ್ಡಿಯ ಸಾಲಿನ ಕೆಳಗೆ ಗೆರೆ ಎಳೆದುಕೊಂಡರು.